ಸವಿತಾನ ಅಪ್ಪನವರಿಗೆ

ಬೆಟಗೇರಿ
ಶುಕ್ರವಾರ ರಾತ್ರಿ

ರೀ,

ಈ ಪತ್ರವನ್ನು ಅಂಗಡಿಯ ಲೆಕ್ಕದ ವಹಿಯೊಳಗೆ ಇಡುತ್ತಿದ್ದೇನೆ. ಬೆಳಿಗ್ಗೆ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ನೀವು ಮೊದಲು ಕೈಗೆ ತಗೊಳ್ಳುವುದು ಅದನ್ನೇ ಅಲ್ವಾ. ರಾತ್ರಿ ನಾನು ಬಾಯಿ ತೆಗೆದರೆ ಜಗಳ ಆಗುತ್ತದೆ. ಬೆಳಿಗ್ಗೆ ಹೇಳಲು ಹೋದರೆ ನೀವು ತಲೆ ತಗ್ಗಿಸಿ ನಿಲ್ಲುತ್ತೀರಿ. ನನಗೆ ಅದನ್ನು ನೋಡಲು ಆಗುವುದಿಲ್ಲ, ಮಾತು ಅರ್ಧಕ್ಕೇ ಬಿಟ್ಟು ಒಳಗೆ ಹೋಗುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಬೈಯಲು ಬರೆದದ್ದಲ್ಲ. ಗಿರಾಕಿ ಬರುವ ಮೊದಲು ಪೂರ್ತಿ ಓದಿ.

ಬುಧವಾರ ಬೆಳಗಿನ ಜಾವ ನಳಕ್ಕೆ ನೀರು ಬಂದಿತ್ತು. ಬ್ಯಾರಲ್ ತುಂಬಿಸಲು ಹಿತ್ತಲಿಗೆ ಬಂದೆ. ನೀವು ಬಚ್ಚಲಮನೆಯ ಹಿಂದೆ ನಿಂತಿದ್ದಿರಿ. ಎರಡೂ ಕೈಯಲ್ಲಿ ಬಾಟಲಿ ಹಿಡಿದಿದ್ದಿರಿ, ಆದರೂ ಅದು ಹಲ್ಲಿಗೆ ಕಟಕಟ ಬಡಿಯುತ್ತಿತ್ತು. ಕುಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಿರಿ. ಆಮೇಲೆ ಕೈ ಮುಂದೆ ಚಾಚಿ, ನಡುಕ ನಿಂತಿತೋ ಇಲ್ಲವೋ ಅಂತ ನೋಡಿಕೊಂಡಿರಿ. ನಾನು ಕೊಡ ಅಲ್ಲೇ ಇಟ್ಟು ಒಳಗೆ ಬಂದುಬಿಟ್ಟೆ. ನೀವು ನನ್ನನ್ನು ನೋಡಲಿಲ್ಲ.

ಆ ಕೈ ನನಗೆ ಗೊತ್ತು ರೀ. ಮದುವೆಯಾದ ಹೊಸತರಲ್ಲಿ ಊಟದ ಡಬ್ಬಿ ತಂದವಳು ಅಂಗಡಿಯಲ್ಲೇ ಕೂತು ನೋಡುತ್ತಿದ್ದೆ. ಯಾರ ಜೊತೆಗೋ ಮಾತಾಡುತ್ತಲೇ ತಾಮ್ರದ ತಂತಿ ಸುತ್ತುತ್ತಿದ್ದಿರಿ, ಒಂದು ಸುತ್ತು ತಪ್ಪುತ್ತಿರಲಿಲ್ಲ. ಮುಳಗುಂದದಿಂದ, ಲಕ್ಷ್ಮೇಶ್ವರದಿಂದ ರೈತರು ಸುಟ್ಟ ಮೋಟಾರ್ ಹೊತ್ತುಕೊಂಡು ನಿಮ್ಮನ್ನೇ ಹುಡುಕಿ ಬರುತ್ತಿದ್ದರು. ಹೋದ ತಿಂಗಳು ಒಬ್ಬರು ಅದೇ ಮೋಟಾರನ್ನು ಎರಡನೇ ಸಲ ವಾಪಸ್ ತಂದರು. ಅವರು ಏನೂ ಅನ್ನಲಿಲ್ಲ, ನಿಮ್ಮ ಕೈ ನೋಡಿ ಸುಮ್ಮನಾದರು. ಅವತ್ತು ರಾತ್ರಿ ನೀವು ಜಾಸ್ತಿ ಕುಡಿದು ಬಂದಿರಿ. ಯಾಕೆ ಅಂತ ನನಗೆ ಅರ್ಥವಾಗಿತ್ತು.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ನಿನ್ನೆ ನಾನು ಹುಬ್ಬಳ್ಳಿಗೆ ಅಕ್ಕನ ಮನೆಗೆ ಹೋಗಿರಲಿಲ್ಲ. ಧಾರವಾಡಕ್ಕೆ ಹೋಗಿದ್ದೆ, ಡಿಮ್ಹಾನ್ಸ್ ಆಸ್ಪತ್ರೆಗೆ. ಬುಧವಾರ ಮಧ್ಯಾಹ್ನ ಮಕ್ಕಳು ಶಾಲೆಯಲ್ಲಿದ್ದಾಗ 14416ಕ್ಕೆ ಫೋನ್ ಮಾಡಿದ್ದೆ. ಟೆಲಿ ಮಾನಸ್ ಅಂತಾರೆ, ಸರ್ಕಾರದ್ದು, ದುಡ್ಡು ಬೀಳುವುದಿಲ್ಲ. ಆ ಕಡೆ ಕನ್ನಡದಲ್ಲೇ ಮಾತಾಡಿದರು. ಹೆಸರು ಹೇಳಲು ಹೆದರಿಕೆಯಾಗಿ ಮೊದಲು ಸುಮ್ನೆ ಅತ್ತೆ. ಅಳುವುದು ಮುಗಿಯುವ ತನಕ ಆ ಹೆಣ್ಣುಮಗಳು ಕಾದಳು. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ ಅಂದರೆ ದೇಹ ಅದಕ್ಕೆ ಒಗ್ಗಿಹೋಗಿದೆ, ಡಾಕ್ಟರ ಹತ್ತಿರ ತಡ ಮಾಡಬೇಡಿ ಅಂದಳು.

ಧಾರವಾಡದಲ್ಲಿ ಡಾಕ್ಟರು ಎಲ್ಲ ಕೇಳಿದರು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಊಟ ಮಾಡುತ್ತಾರಾ, ಹಿಂದೆ ಬಿಡಲು ನೋಡಿದ್ದಾರಾ. ಆಗ ನಾನು ಶ್ರಾವಣದ ಕಥೆ ಹೇಳಿದೆ.

ಶ್ರಾವಣ ನೆನಪಿದೆ ಅಲ್ವಾ? ವೀರನಾರಾಯಣನ ಗುಡಿಗೆ ಕರೆದುಕೊಂಡು ಹೋಗಿ, ಸವಿತಾನ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ್ದೆ. ಅವತ್ತಿನಿಂದ ನೀವು ಒಂದು ಹನಿ ಮುಟ್ಟಲಿಲ್ಲ. ಎರಡನೇ ದಿನ ಮೈಯೆಲ್ಲ ಬೆವರು, ನಡುಕ, ಅನ್ನ ಬಾಯಿಗೆ ಹೋಗಲಿಲ್ಲ. ಮೂರನೇ ರಾತ್ರಿ ಗೋಡೆ ಮೇಲೆ ಇರುವೆ ಹರಿದಾಡುತ್ತಿವೆ ಅಂತ ಕೈಯಿಂದ ಬಡಿಯುತ್ತಿದ್ದಿರಿ. ಗೋಡೆ ಮೇಲೆ ಏನೂ ಇರಲಿಲ್ಲ. ಅತ್ತಿ ಗಾಳಿ ಸೋಕಿದೆ ಅಂದು ದೃಷ್ಟಿ ತೆಗೆದರು. ನಾಲ್ಕನೇ ದಿನ ನೀವು ಎದ್ದು ಅಂಗಡಿಗೆ ಹೋಗಿ ಕುಡಿದು ಬಂದಿರಿ. ಮಗಳ ತಲೆ ಮುಟ್ಟಿ ಮಾಡಿದ ಆಣೆ ಮುರಿದಿರಲ್ಲ, ನೀವೆಂಥ ಅಪ್ಪ ಅಂತ ನಾನು ಕೇಳಿದೆ. ಅತ್ತಿ ಎದುರಿಗೇ ಕೇಳಿದೆ.

ಡಾಕ್ಟರು ಏನಂದರು ಗೊತ್ತಾ? ತುಂಬ ದಿನದಿಂದ ಕುಡಿಯುವವರು ಏಕದಂ ಬಿಟ್ಟರೆ ಹೀಗೇ ಆಗುತ್ತದೆಯಂತೆ. ನಡುಕ, ಬೆವರು, ನಿದ್ದೆ ಇಲ್ಲದಿರುವುದು, ಕೆಲವರಿಗೆ ಫಿಟ್ಸ್, ಕೆಲವರಿಗೆ ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು. ಔಷಧಿ ಇಲ್ಲದಿದ್ದರೆ ಜೀವಕ್ಕೇ ಅಪಾಯವಂತೆ. ಅವತ್ತು ನಿಮ್ಮನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು ಅಂದರು. ನಾನು ಕುರ್ಚಿ ಹಿಡಿದುಕೊಂಡು ಕೂತೆ. ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂದುಕೊಂಡಿದ್ದೆ. ಆ ಮೂರು ದಿನ ನೀವು ಎಷ್ಟು ಗಟ್ಟಿಯಾಗಿ ತಡೆದುಕೊಂಡಿದ್ದಿರಿ ಅಂತ ನಿನ್ನೆ ತಿಳಿಯಿತು. ಆ ಆಣೆಯನ್ನು ನಾನು ವಾಪಸ್ ತಗೊಂಡಿದ್ದೇನೆ. ನಿನ್ನೆ ಸಂಜೆ ಬಸ್ಸಿಳಿದು ಗುಡಿಗೆ ಹೋಗಿ, ತಪ್ಪು ನನ್ನದು ಅಂತ ಹೇಳಿ ಕಾಯಿ ಒಡೆಸಿ ಬಂದೆ. ಇನ್ನು ಮಕ್ಕಳ ತಲೆ ಮೇಲೆ ಆಣೆ ಹಾಕಿಸುವುದಿಲ್ಲ.

ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಕುಡುಕರಿಗೆ ಗೊತ್ತಾಗದ ಹಾಗೆ ಚಹಾದಲ್ಲಿ ಹಾಕಿ ಕೊಡುವ ಪುಡಿ ಅಂತ ಒಬ್ಬರು ತಂದುಕೊಟ್ಟಿದ್ದರು. ಹದಿನೈದು ದಿನ ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಕೈ ಬರಲಿಲ್ಲ. ಅದನ್ನೂ ಡಾಕ್ಟರಿಗೆ ತೋರಿಸಿದೆ. ಇದರಲ್ಲಿ ಏನಿದೆಯೋ ಯಾರಿಗೆ ಗೊತ್ತು, ಕೆಲವು ಔಷಧಿ ಹೊಟ್ಟೆಯಲ್ಲಿದ್ದಾಗ ಕುಡಿದರೆ ಬಿಪಿ ಬಿದ್ದು ಪ್ರಾಣವೇ ಹೋಗಬಹುದು, ಅಂಥದ್ದನ್ನು ರೋಗಿಗೆ ಹೇಳಿ, ಅವರು ಒಪ್ಪಿದ ಮೇಲೆಯೇ ಕೊಡುವುದು ಅಂದರು. ಪುಡಿಯನ್ನು ಗಟಾರಕ್ಕೆ ಸುರಿದೆ. ನಿಮಗೆ ಗೊತ್ತಿಲ್ಲದೆ ನಿಮ್ಮ ಬಾಯಿಗೆ ನಾನು ಏನನ್ನೂ ಹಾಕುವುದಿಲ್ಲ.

ಚಿಕಿತ್ಸೆ ಹೇಗೆ ಅಂತ ಕೇಳಿಕೊಂಡು ಬಂದಿದ್ದೇನೆ. ಕಟ್ಟಿಹಾಕುವುದಿಲ್ಲ, ಹೊಡೆಯುವುದಿಲ್ಲ. ಅದೇ ನನ್ನ ಮೊದಲನೇ ಪ್ರಶ್ನೆಯಾಗಿತ್ತು. ಮೊದಲು ರಕ್ತ ನೋಡುತ್ತಾರೆ, ಲಿವರ್ ನೋಡುತ್ತಾರೆ. ಕೆಲವು ದಿನ ವಾರ್ಡಿನಲ್ಲಿ ಇರಬೇಕಾಗಬಹುದು. ನಡುಕ, ಫಿಟ್ಸ್ ಬರದ ಹಾಗೆ ಗುಳಿಗೆ ಕೊಟ್ಟು, ದಿನ ಕಳೆದಂತೆ ಅದನ್ನು ಕಡಿಮೆ ಮಾಡುತ್ತಾ ಬರುತ್ತಾರೆ. ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಕುಡಿತ ಆ ವಿಟಮಿನ್ನನ್ನು ಮೈಯಿಂದ ಖಾಲಿ ಮಾಡುತ್ತದೆಯಂತೆ, ಅದಿಲ್ಲದಿದ್ದರೆ ಮೆದುಳಿಗೆ ಪೆಟ್ಟು. ನಿಮ್ಮ ಪಾದ ಜುಮ್ಮೆನ್ನುವುದಕ್ಕೂ ಅದು ಕಾರಣ ಇರಬಹುದಂತೆ. ಆಮೇಲೆ ಕೂಡಿಸಿ ಮಾತಾಡುತ್ತಾರೆ, ನಿಮ್ಮ ಜೊತೆ, ನನ್ನ ಜೊತೆ ಕೂಡ. ಆಸೆ ಕಡಿಮೆ ಮಾಡುವ ಗುಳಿಗೆಯೂ ಇವೆಯಂತೆ. ಮನೆಗೆ ಬಂದ ಮೇಲೂ ಎಷ್ಟೋ ತಿಂಗಳು ಹೋಗಿ ತೋರಿಸುತ್ತಿರಬೇಕು. ನಡುವೆ ಒಮ್ಮೆ ಕಾಲು ಜಾರಿದರೂ ವಾಪಸ್ ಬನ್ನಿ, ನಾವು ಬಾಗಿಲು ಹಾಕುವುದಿಲ್ಲ ಅಂದರು. ನಾನೂ ಹಾಕುವುದಿಲ್ಲ.

ಸ್ಕ್ಯಾನ್ ರಿಪೋರ್ಟ್ ಕೂಡ ತೋರಿಸಿದೆ. ದಸರಾ ಮುಂದೆ ಹೊಟ್ಟೆ ನೋವು ಬಂದಾಗ ತೆಗೆಸಿ, ನೀವು ಬೀರು ಮೇಲೆ ಒಗೆದಿದ್ದಿರಲ್ಲ, ಅದೇ. ಲಿವರಿಗೆ ಕೊಬ್ಬು ಏರಿದೆ, ಈಗ ಬಿಟ್ಟರೆ ಇಳಿಯುತ್ತದೆ, ಹೀಗೇ ಮುಂದುವರಿದು ಲಿವರ್ ಗಟ್ಟಿಯಾದರೆ ಮೊದಲಿನಂತಾಗುವುದಿಲ್ಲ ಅಂದರು. ಈಗ ಅನ್ನುವ ಆ ಒಂದು ಮಾತನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಿಡಿದುಕೊಂಡು ಬಂದೆ.

ಮಕ್ಕಳ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಇದೊಂದು ನಿಮಗೆ ಗೊತ್ತಿರಬೇಕು. ರಾತ್ರಿ ನಿಮ್ಮ ಗಾಡಿ ಬಂದಾಗ ಸವಿತಾ ಓದುವುದನ್ನು ನಿಲ್ಲಿಸಿ ಸ್ಟ್ಯಾಂಡಿನ ಸಪ್ಪಳ ಕೇಳುತ್ತಾಳೆ. ಒಂದೇ ಏಟಿಗೆ ಸ್ಟ್ಯಾಂಡ್ ಬಿದ್ದರೆ ಅಲ್ಲೇ ಕೂತು ಓದುತ್ತಾಳೆ. ಎರಡು ಮೂರು ಸಲ ಒದ್ದರೆ ಪುಸ್ತಕ ಎತ್ತಿಕೊಂಡು, ಬಸೂನ ಕೈ ಹಿಡಿದು ಒಳಗೆ ಹೋಗುತ್ತಾಳೆ. ಯಾರೂ ಹೇಳಿಕೊಟ್ಟಿಲ್ಲ. ಮಾರ್ಚ್‌ನಲ್ಲಿ ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ. ನೀವು ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಬಸೂಗೆ ನೀವು ಅಂದರೆ ಜೀವ. ಆದರೂ ಆ ಸಪ್ಪಳಕ್ಕೆ ಅವರ ಎದೆ ಹೊಡೆದುಕೊಳ್ಳುತ್ತದೆ ರೀ.

ಅಂಗಡಿ ಚಿಂತೆ ಬೇಡ. ತಮ್ಮನಿಗೆ ಹೇಳಿದ್ದೇನೆ, ಅವನು ಬಂದು ಹುಡುಗನ ಜೊತೆ ನಿಲ್ಲುತ್ತಾನೆ. ಹೊಸ ವೈಂಡಿಂಗ್ ಹಿಡಿಯುವುದಿಲ್ಲ, ಸಣ್ಣಪುಟ್ಟ ರಿಪೇರಿ ಮಾತ್ರ. ಮಕ್ಕಳನ್ನು ಅತ್ತಿ ನೋಡಿಕೊಳ್ಳುತ್ತಾರೆ. ಅವರಿಗೆ ಎಲ್ಲ ಹೇಳಿದೆ. ಮೊದಲು ಮಂದಿ ಏನಂದಾರು ಅಂದರು. ಆಮೇಲೆ ಮಾವನವರ ಫೋಟೋ ನೋಡುತ್ತಾ ಕೂತರು, ಸ್ವಲ್ಪ ಹೊತ್ತಿನ ಮೇಲೆ, "ಕರಕೊಂಡು ಹೋಗವ್ವಾ, ನಾ ಅವ್ರನ್ನ ಕರಕೊಂಡು ಹೋಗಲಿಲ್ಲ" ಅಂದರು. ಮಂದಿಗೆ ಹೇಳುವುದು ನಿಮಗೆ ಬಿಟ್ಟದ್ದು, ನಾನಾಗಿ ಯಾರಿಗೂ ಹೇಳುವುದಿಲ್ಲ. ಆದರೆ ಇನ್ನು ಗಿರಾಕಿ ಫೋನ್ ಮಾಡಿದರೆ ಜ್ವರ ಬಂದಿದೆ ಅಂತ ಸುಳ್ಳು ಹೇಳಲಾರೆ. ಎರಡು ವರ್ಷದಿಂದ ಹೇಳಿ ಹೇಳಿ ಸಾಕಾಗಿದೆ. ನನ್ನ ಆ ಸುಳ್ಳಿನಿಂದ ನಿಮಗೆ ಕೇಡೇ ಆಯಿತು.

ಸೋಮವಾರದ ತನಕ ಒಂದೆರಡು ಮಾತು ಕೇಳಿ. ನನ್ನ ಮೇಲಿನ ಸಿಟ್ಟಿಗೋ ಪ್ರೀತಿಗೋ ಏಕದಂ ನಿಲ್ಲಿಸಬೇಡಿ. ನಾನು ಬಾಟಲಿ ಹುಡುಕುವುದಿಲ್ಲ, ಚೆಲ್ಲುವುದಿಲ್ಲ. ಊಟ ಮಾತ್ರ ಬಿಡಬೇಡಿ. ಕುಡಿದು ಗಾಡಿ ಹತ್ತಬೇಡಿ, ಬಸೂನನ್ನಂತೂ ಕೂರಿಸಿಕೊಳ್ಳಲೇಬೇಡಿ. ಇದನ್ನು ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಫಿಟ್ಸ್ ಬಂದರೆ, ಇಲ್ಲದ್ದು ಕಾಣಿಸಿದರೆ ಸೋಮವಾರದ ತನಕ ಕಾಯುವುದಿಲ್ಲ, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ.

ಸೋಮವಾರ ಬೆಳಗಿನ ಬಸ್ಸಿಗೆ ಹೋಗೋಣ. ನಾನೂ ಜೊತೆಗೆ ಇರುತ್ತೇನೆ, ಮನೆಗೆ ಬರುವಾಗ ಇಬ್ಬರೂ ಕೂಡಿ ಬರೋಣ. ಎರಡು ಜೊತೆ ಬಟ್ಟೆ, ಶಾಲು, ಆಧಾರ್ ಕಾರ್ಡ್, ರೇಷನ್ ಕಾರ್ಡ್, ಸ್ಕ್ಯಾನ್ ರಿಪೋರ್ಟ್ ಎಲ್ಲ ಆ ನೀಲಿ ಚೀಲದಲ್ಲಿ ಹಾಕಿ ಬೀರು ಪಕ್ಕ ಇಟ್ಟಿದ್ದೇನೆ. ಮುಂದಿನದು ಹೇಗೋ ಏನೋ ಅಂತ ನನಗೂ ಹೆದರಿಕೆ ಇದೆ. ಮಾತು ಕೊಡಿ ಅಂತ ಕೇಳುವುದಿಲ್ಲ. ನಿಮಗೆ ಒಪ್ಪಿಗೆಯಾದರೆ ಆ ಚೀಲ ತಂದು ಮುಂಬಾಗಿಲ ಹತ್ತಿರ ಇಡಿ, ನನಗೆ ಗೊತ್ತಾಗುತ್ತದೆ.

ಇವತ್ತು ಡಬ್ಬಿಯಲ್ಲಿ ಎಣ್ಣೆಗಾಯಿ ಇದೆ, ರೊಟ್ಟಿ ಮೆತ್ತಗೆ ಬಡಿದಿದ್ದೇನೆ. ಎರಡಾದರೂ ತಿನ್ನಿ.

ನಿಮ್ಮ
ಗಂಗಾ