ಹೊಸ ಫೋನಿನಲ್ಲಿ ವೀಡಿಯೊ ಕರೆ: ಮಲೆನಾಡಿನ ಅಜ್ಜ-ಅಜ್ಜಿಯರಿಗೊಂದು ಕಿರು ಕೈಪಿಡಿ

ಮಕ್ಕಳು ಹೊಸ ಸ್ಮಾರ್ಟ್‌ಫೋನ್ ಕೊಡಿಸಿ, ರಜೆ ಮುಗಿಸಿಕೊಂಡು ಬೆಂಗಳೂರಿಗೋ ಹೊರದೇಶಕ್ಕೋ ಮರಳಿದ ಮೇಲೆ ಅದನ್ನು ಮುಂದಿಟ್ಟುಕೊಂಡು ಕುಳಿತಿರುವ ಹಿರಿಯರಿಗಾಗಿ ಈ ಬರಹ. ಮೂಡಿಗೆರೆ, ಸಕಲೇಶಪುರದ ಕಡೆ ಬಹುತೇಕ ಎಲ್ಲರ ಫೋನಿನಲ್ಲೂ ಇರುವುದು ವಾಟ್ಸಾಪ್ ಆದ್ದರಿಂದ, ಆಂಡ್ರಾಯ್ಡ್ ಫೋನಿನಲ್ಲಿ ಅದನ್ನು ಹಾಕಿಕೊಳ್ಳುವ ಬಗೆಯನ್ನೇ ಇಲ್ಲಿ ಹೇಳಲಾಗಿದೆ.

ಮೊದಲು ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಮನೆಯಲ್ಲಿ ವೈಫೈ ಇಲ್ಲದಿದ್ದರೆ ಸಿಮ್ಮಿಗೆ ಡೇಟಾ ಇರುವ ರೀಚಾರ್ಜ್ ಮಾಡಿಸಿರಬೇಕು. ನಿಮ್ಮ ಸಿಮ್ ಇನ್ನೂ ಹಳೆಯ ಗುಂಡಿ ಫೋನಿನಲ್ಲೇ ಇದ್ದರೆ ಆ ಫೋನನ್ನೂ ಪಕ್ಕದಲ್ಲಿಟ್ಟುಕೊಳ್ಳಿ, ಏಕೆಂದರೆ ಮುಂದೆ ಬರುವ ಗುಟ್ಟಿನ ಸಂಖ್ಯೆ ಅದಕ್ಕೇ ಬರುತ್ತದೆ.

ಬೆರಳಿನ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಪರದೆಯನ್ನು ಗುಂಡಿಯಂತೆ ಒತ್ತಿ ಹಿಡಿಯಬಾರದು. ಮೆಲ್ಲಗೆ ಮುಟ್ಟಿ ಕೂಡಲೇ ಬೆರಳನ್ನು ಎತ್ತಬೇಕು. ಒತ್ತಿ ಹಿಡಿದರೆ ಬೇರೇನೋ ತೆರೆದುಕೊಳ್ಳುತ್ತದೆ, ಚಿತ್ರಗಳು ಜಾಗ ಬದಲಿಸುತ್ತವೆ, ಫೋನು ಕೆಟ್ಟಿತೆಂಬ ಗಾಬರಿ ಶುರುವಾಗುತ್ತದೆ. ಪಾತ್ರೆ ತೊಳೆದ ಒದ್ದೆ ಕೈಗೂ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ, ಸೆರಗಿಗೋ ಟವೆಲ್ಲಿಗೋ ಒರೆಸಿಕೊಂಡು ಮುಟ್ಟಿ.

ಈಗ ಬಣ್ಣಬಣ್ಣದ ತ್ರಿಕೋನದ ಗುರುತಿರುವ Play Store ತೆರೆಯಿರಿ. ಅದು ಗೂಗಲ್ ಖಾತೆಯನ್ನು ಕೇಳಿದರೆ, ಫೋನು ಕೊಡಿಸಿದ ಮಕ್ಕಳಿಗೆ ಒಂದು ಮಾತು ಕೇಳಿ ಮುಂದುವರಿಯಿರಿ. ಹುಡುಕುವ ಜಾಗದಲ್ಲಿ WhatsApp ಎಂದು ಬರೆದಾಗ ಅದನ್ನೇ ಹೋಲುವ ಹಲವು ಆ್ಯಪ್‌ಗಳು ಸಾಲಾಗಿ ಕಾಣಿಸಬಹುದು. ನಿಮಗೆ ಬೇಕಾದದ್ದು ಹಸಿರು ಬಣ್ಣದ ಮೇಲೆ ಬಿಳಿಯ ಫೋನಿನ ಚಿತ್ರವಿರುವ, ಕೆಳಗೆ WhatsApp LLC ಎಂದು ಬರೆದಿರುವ WhatsApp Messenger. ಅದೇ ಹಸಿರಿನಲ್ಲಿ B ಅಕ್ಷರವಿರುವುದು ವ್ಯಾಪಾರಸ್ಥರದು, ಅದನ್ನು ಬಿಡಿ. Install ಎಂಬುದನ್ನು ಮುಟ್ಟಿ ಸ್ವಲ್ಪ ಕಾದರೆ ಆ ಜಾಗದಲ್ಲಿ Open ಎಂದು ಬರುತ್ತದೆ. ಇದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಹಣ ಕೇಳಿದರೆ ನೀವು ಬೇರೆಲ್ಲಿಗೋ ಹೋಗಿದ್ದೀರಿ ಎಂದರ್ಥ. ಮೆಸೇಜಿನಲ್ಲಿ ಯಾರೋ ಕಳುಹಿಸಿದ ಲಿಂಕಿನಿಂದಂತೂ ಯಾವ ಆ್ಯಪ್ಪನ್ನೂ ಹಾಕಿಕೊಳ್ಳಬೇಡಿ.

ತೆರೆದ ಮೇಲೆ ಷರತ್ತುಗಳಿಗೆ ಒಪ್ಪಿಗೆ ಕೊಟ್ಟು, +91 ಎಂಬುದರ ಮುಂದೆ ನಿಮ್ಮ 10 ಅಂಕಿಗಳ ನಂಬರನ್ನು ಬರೆಯಿರಿ. ಆಗ ಆ ನಂಬರಿಗೆ 6 ಅಂಕಿಗಳ ಗುಟ್ಟಿನ ಸಂಖ್ಯೆಯೊಂದು ಮೆಸೇಜಿನಲ್ಲಿ ಬರುತ್ತದೆ. ಜನ ಓಟಿಪಿ ಎನ್ನುವುದು ಇದಕ್ಕೇ. ಅದನ್ನು ಪರದೆಯಲ್ಲಿ ತುಂಬುವುದಷ್ಟೇ ನಿಮ್ಮ ಕೆಲಸ. ಬ್ಯಾಂಕಿನವರೆಂದಾಗಲಿ, ಪರಿಚಯದವರೆಂದಾಗಲಿ ಹೇಳಿಕೊಂಡು ಯಾರೇ ಕೇಳಿದರೂ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ನಿಮ್ಮ ವಾಟ್ಸಾಪ್ ಅವರ ಕೈಗೆ ಹೋಗಿ, ನಿಮ್ಮ ಹೆಸರಿನಲ್ಲಿ ನೆಂಟರಿಷ್ಟರ ಬಳಿ ಹಣ ಕೇಳುವ ಮೆಸೇಜುಗಳು ಹೊರಡಬಹುದು.

ಸಂಪರ್ಕಗಳು, ಕ್ಯಾಮೆರಾ, ಮೈಕ್ ಬಳಸಲು ಫೋನು ಬೇರೆ ಬೇರೆಯಾಗಿ ಅನುಮತಿ ಕೇಳುತ್ತದೆ. ಎಲ್ಲದಕ್ಕೂ ಹೆದರಿ ಬೇಡವೆನ್ನುವುದು ಅನೇಕ ಹಿರಿಯರ ಅಭ್ಯಾಸ, ಆದರೆ ಈ ಮೂರಕ್ಕೆ ಒಪ್ಪಲೇಬೇಕು. ಕ್ಯಾಮೆರಾ ಬೇಡವೆಂದರೆ ಮೊಮ್ಮಗಳಿಗೆ ನಿಮ್ಮ ಮುಖ ಕಾಣಿಸದು, ಮೈಕ್ ಬೇಡವೆಂದರೆ ಮಾತು ಕೇಳಿಸದು. ಕೊನೆಗೆ ಹೆಸರು ಬರೆದರೆ ಆಯಿತು. ಭಾವಚಿತ್ರ ಆಮೇಲೂ ಹಾಕಬಹುದು.

ಮಕ್ಕಳ ನಂಬರನ್ನು ಫೋನಿನಲ್ಲಿ ಉಳಿಸುವಾಗ, ಅವರು ಹೊರದೇಶದ ನಂಬರು ಬಳಸುತ್ತಿದ್ದರೆ ಮೊದಲು + ಹಾಕಿ ಆ ದೇಶದ ಸಂಖ್ಯೆಯನ್ನೂ ಸೇರಿಸಬೇಕು. ಜರ್ಮನಿಯಾದರೆ +49, ಅಮೆರಿಕವಾದರೆ +1. ಬಳಿಕ ವಾಟ್ಸಾಪಿನಲ್ಲಿ ಅವರ ಹೆಸರನ್ನು ಮುಟ್ಟಿ, ಮೇಲ್ಭಾಗದಲ್ಲಿರುವ ಕ್ಯಾಮೆರಾದ ಗುರುತನ್ನು ಮುಟ್ಟಿದರೆ ಕರೆ ಹೋಗುತ್ತದೆ. ಗಡಿಯಾರವನ್ನೂ ನೋಡಿಕೊಳ್ಳಿ: ನಮಗೆ ಬೆಳಗಿನ ಕಾಫಿಯ ಹೊತ್ತು ಜರ್ಮನಿಯಲ್ಲಿ ನಡುರಾತ್ರಿ ದಾಟಿದ ಸಮಯ.

ಫೋನನ್ನು ಕಿವಿಗೆ ಹಿಡಿಯದೆ, ಮೊಳದಷ್ಟು ದೂರದಲ್ಲಿ ಮುಖದ ಎತ್ತರಕ್ಕೆ ಹಿಡಿಯಿರಿ. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಮುಖ ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಬೆಳಕಿಗೆ ಎದುರಾಗಿ ಕುಳಿತುಕೊಳ್ಳಿ. ತೋಟದೊಳಗಿನ ಮನೆಗಳಲ್ಲಿ ನಡುಮನೆಗೆ ಸಿಗ್ನಲ್ ಸಿಗದೆ, ಜಗಲಿಯ ಒಂದು ಮೂಲೆಯಲ್ಲೋ ಕಾಫಿ ಒಣಗಿಸುವ ಕಣದ ಅಂಚಿನಲ್ಲೋ ಮಾತ್ರ ಸಿಗುವುದುಂಟು. ಆ ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡು ಅಲ್ಲೊಂದು ಕುರ್ಚಿ ಹಾಕಿಕೊಳ್ಳಿ. ಚಿತ್ರ ನಿಂತುಹೋದರೆ ಕರೆ ಮುಗಿಸಿ ಮತ್ತೆ ಮಾಡಿ.

ಗುರುತಿಲ್ಲದ ನಂಬರಿನಿಂದ ವೀಡಿಯೊ ಕರೆ ಬಂದರೆ ಎತ್ತಬೇಡಿ. ಪೊಲೀಸರ ಸಮವಸ್ತ್ರ ತೊಟ್ಟು ವೀಡಿಯೊದಲ್ಲೇ ಬಂಧಿಸುತ್ತೇವೆಂದು ಹೆದರಿಸುವವರು ವಂಚಕರು. ಹಾಗೆ ಬಂಧಿಸುವ ಕಾನೂನು ನಮ್ಮಲ್ಲಿ ಇಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇನ್ನು, ಮಕ್ಕಳೊಡನೆ ಮಾತು ಮುಗಿದ ಮೇಲೆ ಕೆಂಪು ಗುರುತನ್ನು ಮುಟ್ಟಿ ಕರೆ ನಿಂತದ್ದನ್ನು ಖಚಿತಪಡಿಸಿಕೊಂಡೇ ಫೋನು ಕೆಳಗಿಡಿ. ಇಲ್ಲದಿದ್ದರೆ ಸೊಸೆಯ ಬಗ್ಗೆ ಆಡಿದ ಮಾತು ಸೊಸೆಗೇ ಕೇಳಿಸೀತು.