ಬಾವಿ ನೀರಿಗೆ ಉಪ್ಪು ಎಲ್ಲಿಂದ ಬಂತು? ವಸ್ತುಪ್ರದರ್ಶನದ ಯೋಜನೆ

ತರಗತಿ: 9
ತಂಡ: ಶ್ರಾವಣಿ (ಕೋಡಿಬಾಗ), ನಾಗರಾಜ (ಕಡವಾಡ)
ಪ್ರದರ್ಶನ: 28 ಫೆಬ್ರವರಿ 2026, ಶನಿವಾರ, ರಾಷ್ಟ್ರೀಯ ವಿಜ್ಞಾನ ದಿನ
ಖರ್ಚಿನ ಮಿತಿ: ₹1000

ಶ್ರಾವಣಿ, ನಾಗರಾಜ,

ಸೋಡಾ ಉಕ್ಕಿಸುವ ಜ್ವಾಲಾಮುಖಿ ಬೇಡ ಎಂದು ನೀವೇ ಹೇಳಿದ್ದು ನನಗೆ ಖುಷಿಯಾಯಿತು. ಕಾರವಾರದಲ್ಲಿ ಜ್ವಾಲಾಮುಖಿ ಇಲ್ಲ, ಉಪ್ಪು ನೀರಿನ ಬಾವಿ ಇದೆ. ನೀವು ಕೇಳಿದ ಪ್ರಶ್ನೆಯನ್ನೇ ಯೋಜನೆಯ ಹೆಸರಾಗಿ ಇಟ್ಟಿದ್ದೇನೆ. ಇದನ್ನು ಪ್ರಿಂಟ್ ತೆಗೆದು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಕೊಳ್ಳಿ.

ಪ್ರಶ್ನೆ ಏನು

ಮಳೆಗಾಲದಲ್ಲಿ ಸಿಹಿಯಾಗಿರುವ ಬಾವಿ ಬೇಸಿಗೆಯಲ್ಲಿ ಸಪ್ಪೆಯಾಗಿ, ಆಮೇಲೆ ಉಪ್ಪಾಗುತ್ತದೆ. ಒಂದೇ ಕೇರಿಯ ಎರಡು ಬಾವಿಗಳಲ್ಲಿ ಒಂದು ಉಪ್ಪು, ಇನ್ನೊಂದು ಚೆನ್ನಾಗಿಯೇ ಇರುತ್ತದೆ. ಹೀಗೇಕೆ? ನಾವು ಎರಡು ಕೆಲಸ ಮಾಡೋಣ. ಒಂದು, ಕಾಳಿ ನದಿಯ ದಡದ ಐದು ಬಾವಿಗಳ ನೀರನ್ನು ಅಳೆಯುವುದು. ಎರಡು, ನೆಲದೊಳಗೆ ನಡೆಯುವುದನ್ನು ಗಾಜಿನ ತೊಟ್ಟಿಯಲ್ಲಿ ಕಣ್ಣಿಗೆ ಕಾಣುವಂತೆ ಮಾಡುವುದು. ಅಳತೆ ಇಲ್ಲದ ಮಾದರಿ ಬರೀ ಆಟಿಕೆ. ಹಾಗಾಗಿ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರಬೇಡಿ.

ಹಿಂದಿನ ವಿಜ್ಞಾನ

ಸಮುದ್ರದ ನೀರು ಸಿಹಿನೀರಿಗಿಂತ ಸ್ವಲ್ಪ ಭಾರ. ಸಿಹಿನೀರಿನ ಸಾಂದ್ರತೆ 1.000 ಆದರೆ ಕಡಲ ನೀರಿನದು ಸುಮಾರು 1.025. ಕರಾವಳಿಯ ನೆಲದೊಳಗೆ ಮಳೆಯಿಂದ ಇಂಗಿದ ನೀರು ಮೇಲೆ ತೇಲುತ್ತದೆ, ಉಪ್ಪು ನೀರು ಅದರ ಕೆಳಗೆ ಬೆಣೆಯ ಹಾಗೆ ಒಳನುಗ್ಗಿ ಕೂತಿರುತ್ತದೆ. ಬ್ಯಾಡನ್ ಘೈಬೆನ್ ಮತ್ತು ಹರ್ಜ್‌ಬರ್ಗ್ ಎಂಬ ಇಬ್ಬರು ನೂರು ವರ್ಷಕ್ಕೂ ಹಿಂದೆ, ಬೇರೆ ಬೇರೆಯಾಗಿಯೇ, ಇದರ ಲೆಕ್ಕ ಹಾಕಿದ್ದರು:

1.000 ÷ (1.025 − 1.000) = 40

ಅಂದರೆ ಅಂತರ್ಜಲದ ಮಟ್ಟ ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರುತ್ತದೆ. ತಿರುಗಿಸಿ ಓದಿ. ಪಂಪು ಹಚ್ಚಿ ಮಟ್ಟವನ್ನು ಅರ್ಧ ಮೀಟರ್ ಇಳಿಸಿದರೆ ಉಪ್ಪು ನೀರು 20 ಮೀಟರ್ ಮೇಲೇರಲು ದಾರಿಯಾಯಿತು. ಇದು ಒಂದೇ ದಿನದಲ್ಲಿ ಆಗುವುದಿಲ್ಲ, ನೆಲದೊಳಗಿನ ನೀರು ನಿಧಾನ. ಕಾರವಾರಕ್ಕೆ ವರ್ಷಕ್ಕೆ ಸುಮಾರು 3000 ಮಿಮೀ ಮಳೆ ಬಂದರೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಆಮೇಲಿನ ತಿಂಗಳುಗಳಲ್ಲಿ ತೆಗೆಯುವುದಷ್ಟೇ, ತುಂಬುವುದಿಲ್ಲ.

ಇನ್ನೊಂದು ದಾರಿ ನದಿ. ಭರತದ ಹೊತ್ತಿಗೆ ಕಾಳಿಯಲ್ಲಿ ಉಪ್ಪು ನೀರು ಒಳಗೆ ಬರುತ್ತದೆ. ಹೀಗಾಗಿ ಕಡಲಿಂದ ದೂರ ಇದ್ದರೂ ಹೊಳೆ ಹತ್ತಿರವಿದ್ದರೆ ಬಾವಿಗೆ ಉಪ್ಪು ತಟ್ಟಬಹುದು. ಇದು ನಿಜವೋ ಅಲ್ಲವೋ ಎಂದು ನಿಮ್ಮ ಅಳತೆ ಹೇಳಲಿ.

ಸಾಮಾನು ಮತ್ತು ಬೆಲೆ

ಟಿಡಿಎಸ್ ಮೀಟರ್, ಲೀಟರ್ ನೀರಿನಲ್ಲಿ ಎಷ್ಟು ಮಿಗ್ರಾಂ ಉಪ್ಪು ಕರಗಿದೆ ಎಂದು ತೋರಿಸುವಂಥದ್ದು (ಪೆನ್ನಿನಂಥದ್ದು): ₹250
ಗಾಜಿನ ಮೀನಿನ ತೊಟ್ಟಿ, 30 × 15 × 20 ಸೆಂ.ಮೀ.: ₹350
ಪುಡಿ ಉಪ್ಪು, 1 ಕೆಜಿ: ₹25
ಕೆಂಪು ತಿಂಡಿ ಬಣ್ಣ: ₹20
ಸೂಜಿ ಇಲ್ಲದ 10 ಮಿಲೀ ಸಿರಿಂಜ್, ಎರಡು: ₹20
ಮೀನಿನ ತೊಟ್ಟಿಯ ಗಾಳಿ ಪೈಪು, 2 ಮೀಟರ್: ₹30
ಬ್ಯಾಟರಿ ನೀರು, 1 ಲೀಟರಿನ ಎರಡು ಬಾಟಲಿ: ₹50
ಚಾರ್ಟ್ ಹಾಳೆ, ಮೂರು: ₹30
ಸ್ಕೆಚ್ ಪೆನ್: ₹40
ಗ್ರಾಫ್ ಪುಸ್ತಕ: ₹20
ನಾಗರಾಜನ ಬಸ್ ಚಾರ್ಜು: ₹60
ಒಟ್ಟು: ₹895

ಶ್ರಾವಣಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಪುಕ್ಕಟೆ, ಆಧಾರ್ ಕಾರ್ಡ್ ಮರೆಯಬೇಡ. ಉಳಿದ ₹105 ಒಡೆದದ್ದು, ಸೋರಿದ್ದಕ್ಕೆ. ವಿಜ್ಞಾನ ಸಂಘದಿಂದ ₹600 ಕೊಡಿಸುತ್ತೇನೆ, ನೀವು ತಲಾ ₹200 ಹಾಕಿ. ಬಿಲ್ ಸಿಗದ ಅಂಗಡಿಯಾದರೆ ಚೀಟಿ ಬರೆಸಿಕೊಂಡು ಬನ್ನಿ, ಸಾಕು.

ದುಡ್ಡಿಲ್ಲದೆ ಸಿಗುವವು: ಮನೆ ಕಟ್ಟುವ ಕಡೆಯಿಂದ ದಪ್ಪ ಮರಳು 7–8 ಕೆಜಿ (ಕೇಳಿ ತನ್ನಿ, ಕಡಲ ತೀರದ ಮರಳು ಬೇಡ, ಅದರಲ್ಲೇ ಉಪ್ಪಿರುತ್ತದೆ), ಖಾಲಿ ಅರ್ಧ ಲೀಟರ್ ಬಾಟಲಿ ಹನ್ನೆರಡು, ಹಳೆ ಬಾಲ್‌ಪೆನ್ನಿನ ಕೊಳವೆ ಎರಡು, ಸೊಳ್ಳೆ ಪರದೆಯ ತುಂಡು, ತೂತು ಹಾಕಲು ಗಟ್ಟಿ ಪ್ಲಾಸ್ಟಿಕ್ ಹಾಳೆ. ತಕ್ಕಡಿ ಶಾಲೆಯ ಪ್ರಯೋಗಾಲಯದ್ದೇ ಆಯಿತು.

ವಾರವಾರದ ಕೆಲಸ

ಮೊದಲ ವಾರ (ಜನವರಿ 18ರಿಂದ): ಸಾಮಾನು ತರುವುದು, ಬಾವಿ ಗೊತ್ತುಮಾಡುವುದು. ಕೋಡಿಬಾಗ, ನಂದನಗದ್ದಾ, ಸುಂಕೇರಿ, ಕಡವಾಡ, ಕಿನ್ನರದಲ್ಲಿ ಒಂದೊಂದು ಬಾವಿ ಸಾಕು. ಬೋರ್‌ವೆಲ್ ಬೇಡ, ತೆರೆದ ಬಾವಿಗಳೇ ಇರಲಿ. ಮನೆಯವರ ಹತ್ತಿರ ಕೊಂಕಣಿಯಲ್ಲೇ ಮಾತಾಡಿ, ಏನು ಮಾಡುತ್ತಿದ್ದೀರಿ ಎಂದು ಬಿಡಿಸಿ ಹೇಳಿ. ಪಟ್ಟಿಯಲ್ಲಿ ಮನೆಯ ಹೆಸರು ಹಾಕಬೇಡಿ, ಬಾವಿ 1, ಬಾವಿ 2 ಎಂದಷ್ಟೇ ಬರೆಯಿರಿ. ‘ನಮ್ಮ ಬಾವಿ ಕೆಟ್ಟದು’ ಎಂದು ಊರಿಗೆಲ್ಲ ತೋರಿಸಿಕೊಳ್ಳಲು ಯಾರಿಗೂ ಇಷ್ಟ ಇರುವುದಿಲ್ಲ, ಅಲ್ವಾ? ಬಾವಿಯಿಂದ ಹೊಳೆಗೆ ಎಷ್ಟು ದೂರ, ಪಂಪು ಇದೆಯೋ ಕೊಡಪಾನವೋ, ನೀರು ಎಷ್ಟು ಕೆಳಗಿದೆ ಎಂದು ಬರೆದುಕೊಳ್ಳಿ. ನೀರು ಸೇದಿ ಕೊಡುವುದು ಮನೆಯವರ ಕೆಲಸ. ಬಾವಿಕಟ್ಟೆಗೆ ಬಗ್ಗಬಾರದು.

ಎರಡನೇ ವಾರ (ಜನವರಿ 25ರಿಂದ): ಮೀಟರ್ ಪರೀಕ್ಷೆ, ಮೊದಲ ಅಳತೆ. ಬ್ಯಾಟರಿ ನೀರಿಗೆ ಮೀಟರ್ ಇಳಿಸಿದರೆ ಸೊನ್ನೆಯ ಹತ್ತಿರ ಬರಬೇಕು. ಆಮೇಲೆ ಒಂದು ಲೀಟರ್ ಬ್ಯಾಟರಿ ನೀರಿಗೆ ಸರಿಯಾಗಿ 1 ಗ್ರಾಂ ಉಪ್ಪು ಕರಗಿಸಿ ನೋಡಿ, 1000ದ ಆಸುಪಾಸು ತೋರಿಸಬೇಕು. ಬಹಳ ವ್ಯತ್ಯಾಸ ಇದ್ದರೆ ಅಂಗಡಿಗೆ ವಾಪಸ್ ಕೊಡಿ. ಬಾವಿ ನೀರನ್ನು ಭಾನುವಾರ ಬಾಟಲಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ. ಅಳೆಯುವುದು ಶಾಲೆಯಲ್ಲೇ, ಐದನ್ನೂ ಒಟ್ಟಿಗೆ, ಒಂದೇ ಮೀಟರಿನಲ್ಲಿ. ಈ ಸಲ ಸೋಮವಾರ ಗಣರಾಜ್ಯೋತ್ಸವ, ಧ್ವಜಾರೋಹಣ ಮುಗಿದ ಮೇಲೆ ಅಳೆಯೋಣ. ಪ್ರತಿ ಬಾಟಲಿಗೆ ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಕಡಲ ನೀರಿಗೆ ಮೀಟರನ್ನು ನೇರ ಇಳಿಸಬೇಡಿ, ಅದರ ಅಂಕಿ 9990ಕ್ಕೆ ಮುಗಿಯುತ್ತದೆ. ಸಿರಿಂಜಿನಲ್ಲಿ 10 ಮಿಲೀ ಕಡಲ ನೀರು, 90 ಮಿಲೀ ಬ್ಯಾಟರಿ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ಆಗಲೂ 35,000 ಬರದೆ ಕಡಿಮೆಯೇ ಬರುತ್ತದೆ. ಹೆದರಬೇಡಿ, ಮೀಟರ್ ಕೆಟ್ಟಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಎನ್ನುವುದು ತೂಕದ ಲೆಕ್ಕ. ಮೀಟರ್ ಉಪ್ಪನ್ನು ತೂಗುವುದಿಲ್ಲ, ನೀರಿನಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಎಂದು ನೋಡಿ ಅಂದಾಜು ಹೇಳುತ್ತದೆ. ತೀರ್ಪುಗಾರರು ಇದನ್ನೇ ಕೇಳಬಹುದು.

ಮೂರನೇ ವಾರ (ಫೆಬ್ರವರಿ 1ರಿಂದ): ಹುಣ್ಣಿಮೆ ಭಾನುವಾರವೇ ಬಂದಿದೆ, ಭರತ ಜೋರು. ಕೋಡಿಬಾಗ ಮತ್ತು ಕಡವಾಡದಲ್ಲಿ ಹೊಳೆ ನೀರನ್ನು ಭರತದ ತುದಿಯಲ್ಲಿ ಒಮ್ಮೆ, ಸುಮಾರು ಆರು ಗಂಟೆ ಬಿಟ್ಟು ಇಳಿತದಲ್ಲಿ ಒಮ್ಮೆ ತುಂಬಿಸಿ. ಸಮಯ ದಕ್ಕೆಯ ಮೀನುಗಾರರಿಗೆ ಬಾಯಿಪಾಠ, ಹಿಂದಿನ ದಿನವೇ ಕೇಳಿಕೊಳ್ಳಿ. ಶ್ರಾವಣಿಯ ಅಪ್ಪ ಜೊತೆಗೆ ಬರಲೇಬೇಕು, ಹೊಳೆಗೆ ಇಳಿಯುವಂತಿಲ್ಲ, ಬಾಟಲಿಗೆ ಹಗ್ಗ ಕಟ್ಟಿ ಬಿಡಿ. ಕದ್ರಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ಬಿಡುವ ನೀರೂ ಇದೇ ಹೊಳೆಗೆ ಬರುತ್ತದೆ. ಅಂಕಿ ಏಕಾಏಕಿ ಇಳಿದರೆ ಅದೂ ಒಂದು ಕಾರಣ ಇರಬಹುದು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬಾವಿಗಳ ಅಳತೆ ಈ ವಾರವೂ ಮಾಡಿ.

ನಾಲ್ಕನೇ ವಾರ (ಫೆಬ್ರವರಿ 8ರಿಂದ): ಅರ್ಧ ಚಂದ್ರನ ಹತ್ತಿರದ ದಿನ, ಭರತ ಸಣ್ಣದು. ಹೊಳೆಯ ಅಳತೆ ಮತ್ತೊಮ್ಮೆ, ಬಾವಿಗಳದೂ. ಶನಿವಾರ ಮಧ್ಯಾಹ್ನ ತೊಟ್ಟಿ ಕಟ್ಟಲು ಶುರು.

ತೊಟ್ಟಿಯ ಕೆಲಸಕ್ಕೆ ಸಮಯ ಕೊಡಿ. ಮರಳನ್ನು ನೀರು ತಿಳಿಯಾಗುವ ತನಕ ತೊಳೆಯಿರಿ. ತೊಟ್ಟಿಯ ಮೂರನೇ ಒಂದು ಭಾಗ ಬಿಟ್ಟು, ತೂತು ಹಾಕಿದ ಪ್ಲಾಸ್ಟಿಕ್ ಹಾಳೆಗೆ ಸೊಳ್ಳೆ ಪರದೆ ಸುತ್ತಿ ಅಡ್ಡ ನಿಲ್ಲಿಸಿ. ದೊಡ್ಡ ಭಾಗಕ್ಕೆ 15 ಸೆಂ.ಮೀ. ಎತ್ತರ ಮರಳು ತುಂಬಿ. ಇದು ನೆಲ, ಖಾಲಿ ಭಾಗ ಕಡಲು. ತುದಿಗೆ ಪರದೆ ಕಟ್ಟಿದ ಪೆನ್ನಿನ ಕೊಳವೆಗಳನ್ನು ಈಗಲೇ ಮರಳಿಗೆ ಇಳಿಸಿ, ಒಂದು ಕಡಲ ಹತ್ತಿರ, ಒಂದು ದೂರ. ಇವೇ ಬಾವಿಗಳು. ಮರಳು ತುಂಬಿದ ಮೇಲೆ ಚುಚ್ಚಲು ಹೋದರೆ ಪರದೆ ಹರಿಯುತ್ತದೆ. ಎರಡೂ ಕಡೆ ಸಿಹಿನೀರು ಸುಮಾರು 13 ಸೆಂ.ಮೀ. ತುಂಬಿ, ಆಮೇಲೆ ಕಡಲ ಕಡೆಯ ನೀರನ್ನು ಪೈಪಿನಿಂದ ಎಳೆದು ತೆಗೆಯುತ್ತಾ ಅಲ್ಲಿಗೆ ಕೆಂಪು ಉಪ್ಪು ನೀರು ಸುರಿಯಿರಿ.

ಇಲ್ಲಿ ಒಂದು ಲೆಕ್ಕ ಇದೆ. ಕಡಲಿನಷ್ಟೇ ಉಪ್ಪು ಹಾಕಿದರೆ 1:40ರ ಪ್ರಕಾರ ಬರೀ 3 ಮಿಮೀ ಮಟ್ಟದ ವ್ಯತ್ಯಾಸಕ್ಕೆ ಬೆಣೆ 12 ಸೆಂ.ಮೀ. ಕೆಳಗೆ ಹೋಗುತ್ತದೆ. ನಮ್ಮ ತೊಟ್ಟಿಯಲ್ಲಿ ನೀರಿರುವುದೇ ಹೆಚ್ಚುಕಡಿಮೆ ಅಷ್ಟು, ನೋಡಲು ಏನೂ ಉಳಿಯುವುದಿಲ್ಲ. ಅದಕ್ಕೇ ಲೀಟರಿಗೆ 60 ಗ್ರಾಂ ಉಪ್ಪು ಹಾಕೋಣ. ಆಗ ಸಾಂದ್ರತೆ ಸುಮಾರು 1.04, ಅನುಪಾತ 1:25. 3 ಮಿಮೀಗೆ 7.5 ಸೆಂ.ಮೀ. ಬೆಣೆ ಚೆನ್ನಾಗಿ ಕಾಣುತ್ತದೆ. ‘ಮಾದರಿಯಲ್ಲಿ ಉಪ್ಪು ಜಾಸ್ತಿ ಹಾಕಿದ್ದೇವೆ’ ಎಂದು ಚಾರ್ಟಿನಲ್ಲಿ ದೊಡ್ಡದಾಗಿ ಬರೆಯಿರಿ.

ಐದನೇ ವಾರ (ಫೆಬ್ರವರಿ 15ರಿಂದ): ಭಾನುವಾರ ಶಿವರಾತ್ರಿ, ಗೋಕರ್ಣಕ್ಕೆ ಹೋಗುವವರು ಹೋಗಿ ಬನ್ನಿ, ಆ ದಿನ ಅಳತೆ ಇಲ್ಲ. ಸೋಮವಾರದಿಂದ ತೊಟ್ಟಿಯ ಪ್ರಯೋಗ. ಕಡಲ ಹತ್ತಿರದ ಬಾವಿಯಿಂದ ಸಿರಿಂಜಿನಲ್ಲಿ ನೀರು ಎಳೆಯುತ್ತಾ ಹೋಗಿ. ಕೆಂಪು ಬೆಣೆ ನೆಲದೊಳಗೆ ಜರುಗಿ, ಬಾವಿಯ ತಳಕ್ಕೆ ಗುಡ್ಡದ ಹಾಗೆ ಎದ್ದು ಬರುತ್ತದೆ. ಎಷ್ಟು ಸಿರಿಂಜ್ ಎಳೆದ ಮೇಲೆ ನೀರು ಕೆಂಪಾಯಿತು ಎಂದು ಎಣಿಸಿ. ದೂರದ ಬಾವಿಯಿಂದ ಅದೇ ಪ್ರಯೋಗ. ನಂತರ ಬಾಟಲಿಯ ಮುಚ್ಚಳಕ್ಕೆ ತೂತು ಹಾಕಿ ಮರಳಿನ ಮೇಲೆ ‘ಮಳೆ’ ಸುರಿಸಿ, ಬೆಣೆ ಹಿಂದೆ ಸರಿಯಲು ಎಷ್ಟು ಹೊತ್ತು ಬೇಕು ನೋಡಿ. ಬರುವುದು ಬೇಗ, ಹೋಗುವುದು ತಡ ಎಂದು ನನ್ನ ಊಹೆ. ತಪ್ಪಾದರೆ ನಿಮ್ಮ ಅಂಕಿಯೇ ಇರಲಿ.

ಆರನೇ ವಾರ (ಫೆಬ್ರವರಿ 22ರಿಂದ): ಬಾವಿಗಳ ಕೊನೆಯ ಅಳತೆ, ಗ್ರಾಫ್, ಚಾರ್ಟ್. ಒಂದು ಚಾರ್ಟಿನಲ್ಲಿ ಹೊಳೆಯಿಂದ ದೂರ ಎದುರು ಟಿಡಿಎಸ್, ಇನ್ನೊಂದರಲ್ಲಿ ಭರತ ಇಳಿತದ ಹೋಲಿಕೆ, ಮೂರನೆಯದರಲ್ಲಿ ತೊಟ್ಟಿಯ ಚಿತ್ರ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 500 ಮಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 2000 ಮಿಗ್ರಾಂ. ಈ ಎರಡು ಗೆರೆಗಳನ್ನು ಗ್ರಾಫಿನಲ್ಲಿ ಎಳೆಯಿರಿ. ಆದರೆ 500ಕ್ಕಿಂತ ಕಡಿಮೆ ಬಂದರೆ ‘ಈ ನೀರು ಸುರಕ್ಷಿತ’ ಎಂದು ಮನೆಯವರಿಗೆ ಹೇಳಬೇಡಿ. ಮೀಟರಿಗೆ ರೋಗಾಣು ಕಾಣುವುದಿಲ್ಲ. ಫೆಬ್ರವರಿ ಇನ್ನೂ ಬೇಸಿಗೆಯ ಬಾಗಿಲು, ನಿಜವಾದ ಉಪ್ಪು ಮೇ ತಿಂಗಳಲ್ಲಿ ಕಾಣಬಹುದು. ಐದೂ ಬಾವಿಗಳಲ್ಲಿ ಏನೂ ವ್ಯತ್ಯಾಸ ಸಿಗದಿದ್ದರೆ ಅಂಕಿ ತಿದ್ದದೆ ಹಾಗೆಯೇ ಬರೆಯಿರಿ. ರಜೆಯಲ್ಲಿ ಮೇ 10ಕ್ಕೆ ಒಮ್ಮೆ ಅಳೆಯೋಣ.

ಪ್ರದರ್ಶನದ ದಿನ

ತೊಟ್ಟಿಯನ್ನು ಬೆಳಿಗ್ಗೆ ಶಾಲೆಯಲ್ಲೇ ತುಂಬಿ, ತುಂಬಿದ ತೊಟ್ಟಿ ಹೊತ್ತು ಓಡಾಡಬೇಡಿ. ಕೆಂಪು ಉಪ್ಪು ನೀರು ಮೂರು ಲೀಟರ್, ಸಿಹಿನೀರು ಒಂದು ಕೊಡ, ಹಳೆ ಬಟ್ಟೆ ಮೇಜಿನ ಕೆಳಗಿರಲಿ. ನಾಗರಾಜ ತೊಟ್ಟಿ ನೋಡಿಕೊಳ್ಳಲಿ, ಶ್ರಾವಣಿ ಅಂಕಿ ಹೇಳಲಿ, ಊಟದ ನಂತರ ಅದಲುಬದಲು. ‘ಕುದಿಸಿದರೆ ಉಪ್ಪು ಹೋಗುತ್ತದಾ?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಹೋಗುವುದಿಲ್ಲ, ನೀರು ಆವಿಯಾಗಿ ಉಪ್ಪು ಇನ್ನೂ ಗಟ್ಟಿಯಾಗುತ್ತದೆ. ಸಾಣಿಕಟ್ಟಾದಲ್ಲಿ ಬಿಸಿಲಿಗೆ ಕಡಲ ನೀರು ಬಿಟ್ಟು ಉಪ್ಪು ತೆಗೆಯುವುದು ಹೀಗೆಯೇ ಎಂದು ಉತ್ತರ ಕೊಡಿ.

ಸಾಮಾನಿನ ಪಟ್ಟಿಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಜನವರಿ 17ರ ಶನಿವಾರದೊಳಗೆ ಹೇಳಿ. ಆ ಸಂಜೆ ನಾನು ಪೇಟೆಗೆ ಹೋಗುವವಳಿದ್ದೇನೆ.

ನಿಮ್ಮ ವಿಜ್ಞಾನದ ಅಕ್ಕೋರು