ವಿಷಯ: ಕಾಫಿ ಪಲ್ಪಿಂಗ್ ಯೂನಿಟ್ – 63 ಮೇಲ್‌ಗಳಲ್ಲಿ ಏನು ತೀರ್ಮಾನವಾಯಿತು, ಏನು ಬಾಕಿ, ಯಾರ ಕೆಲಸ ಯಾವುದು

ಮೂಡಿಗೆರೆ, 17 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ,

ಆಗಸ್ಟ್ 4ರಿಂದ ನಿನ್ನೆ ರಾತ್ರಿವರೆಗೆ 63 ಮೇಲ್ ಆಗಿವೆ. ಶುರುವಾಗಿದ್ದು "ಪಲ್ಪರ್ ಕೊಟೇಶನ್" ಅಂತ. ಈಗ ಅದೇ ಹೆಸರಿನಡಿ ಕರೆಂಟು, ಕಣ, ಗೇಟಿನ ಬೀಗದ ಕೈ ಎಲ್ಲವೂ ಓಡಾಡುತ್ತಿವೆ. ಮೊನ್ನೆ ಮಲ್ಲೇಶಗೌಡ್ರು ಫೋನ್ ಮಾಡಿ, "ಕೊನೆಗೆ ಏನಾಯ್ತು ಅಂತ ನಂಗೊಂದು ಹಾಳೆಲಿ ಬರ್ದು ಕೊಡಮ್ಮ" ಅಂದರು. ಅದಕ್ಕೇ ಎಲ್ಲವನ್ನೂ ಮೊದಲಿಂದ ಓದಿ ಇದನ್ನು ಬರೆಯುತ್ತಿದ್ದೇನೆ.

ಯಾರೂ ಬೇಡ ಅನ್ನಲಿಲ್ಲ ಅನ್ನುವ ಕಾರಣಕ್ಕೆ ಯಾವುದನ್ನೂ ತೀರ್ಮಾನಕ್ಕೆ ಸೇರಿಸಿಲ್ಲ. ಸಂಬಂಧಪಟ್ಟವರು ಒಪ್ಪಿ ಬರೆದಿದ್ದರೆ ಮಾತ್ರ ಸೇರಿಸಿದ್ದೇನೆ. ಹಾಗಾಗಿ ಮುಗಿದೇಹೋಗಿದೆ ಅಂತ ನೀವು ಅಂದುಕೊಂಡಿದ್ದ ಒಂದೆರಡು ವಿಷಯ ಬಾಕಿಯಲ್ಲಿ ಸಿಗಬಹುದು.

ತೀರ್ಮಾನ ಆಗಿದ್ದು

ಜಾಗ: ಜೋಸೆಫಣ್ಣನ ತೋಟದ ರಸ್ತೆ ಬದಿಯ ಮುಕ್ಕಾಲು ಎಕರೆ, 10 ವರ್ಷಕ್ಕೆ ಲೀಸ್. ಲಾರಿ ತಿರುಗಿಸಲು ಜಾಗ ಇದೆ, ಬೋರ್‌ವೆಲ್ ಇದೆ. ಆಗಸ್ಟ್ 12ರಂದು ಐವರೂ ಒಪ್ಪಿದ್ದಾರೆ.

ಪಲ್ಪರ್ ಸೈಜು: ಗಂಟೆಗೆ 2 ಟನ್ ಹಣ್ಣು ತಿನ್ನುವ ಮೆಷಿನ್. ಗೊಂದಲ ಜಾಸ್ತಿ ಆಗಿರುವುದು ಇಲ್ಲೇ. ಆಗಸ್ಟ್ 19ರಂದು 1 ಟನ್ನಿಂದು ಸಾಕು ಅಂತ ಆಗಿತ್ತು. 28ರಂದು ಶಶಿಕಲಕ್ಕ ಲೆಕ್ಕ ಹಾಕಿ ತೋರಿಸಿದರು. ಕುಯ್ಲಿನವರು ಹಣ್ಣು ತೂಕಕ್ಕೆ ತರುವುದು ಸಂಜೆ ನಾಲ್ಕೂವರೆಗೆ. ಎಲ್ಲರ ತೋಟದಿಂದ ಯೂನಿಟ್‌ಗೆ ಬಂದು ಸೇರುವಾಗ ಆರು ಗಂಟೆ. ಜೋರು ಕುಯ್ಲಿನ ದಿನ 6 ಟನ್ ಹಣ್ಣು ಬಂದರೆ 1 ಟನ್ ಮೆಷಿನ್ ಮಧ್ಯರಾತ್ರಿವರೆಗೆ ಓಡಬೇಕು. ಮಧ್ಯೆ ಒಮ್ಮೆ ಕರೆಂಟು ಹೋದರೆ ಹಣ್ಣು ರಾಶಿಯಲ್ಲೇ ಬಿಸಿಯಾಗಿ ಹುಳಿ ಬರುತ್ತದೆ. ಆಮೇಲೆ ಎಷ್ಟು ತೊಳೆದರೂ ಆ ವಾಸನೆ ಬೀಜ ಬಿಡುವುದಿಲ್ಲ. 2 ಟನ್ನಿಂದಾದರೆ ಒಂಬತ್ತಕ್ಕೆ ಮುಗಿಯುತ್ತದೆ. ಇದನ್ನು ನೋಡಿ ಎಲ್ಲರೂ ಒಪ್ಪಿದ್ದಾರೆ. 19ನೇ ತಾರೀಕಿನ ಮಾತು ರದ್ದು. ಹಳೆ ಕೊಟೇಶನ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.

ತೊಳೆದ ನೀರು: ಒಂದು ಹನಿಯೂ ಹಳ್ಳಕ್ಕೆ ಬಿಡುವ ಹಾಗಿಲ್ಲ. ಪಲ್ಪರ್ ನೀರು ಹುಳಿ. ನಮ್ಮ ಹಳ್ಳ ಹೋಗಿ ಸೇರುವುದು ಹೇಮಾವತಿಗೆ, ಗೊರೂರು ಅಣೆಕಟ್ಟಿಗೆ ಹೋಗುವುದೂ ಅದೇ ನೀರು. ಎರಡು ಗುಂಡಿ, ಮೊದಲನೆಯದರಲ್ಲಿ ಸುಣ್ಣ ಹಾಕುವುದು ಅಂತ ಸೆಪ್ಟೆಂಬರ್ 3ರಂದು ತೀರ್ಮಾನ. ಸಿಪ್ಪೆ ಗೊಬ್ಬರಕ್ಕೆ.

ಈ ವರ್ಷ ಅರೇಬಿಕಾ ಮಾತ್ರ. ರೋಬಸ್ಟಾವನ್ನು ಎಂದಿನಂತೆ ಅವರವರ ಕಣದಲ್ಲೇ ಚೆರ್ರಿ ಮಾಡಿಕೊಳ್ಳುವುದು.

ಇನ್ನೂ ಬಾಕಿ ಇರುವುದು

ಮೊದಲನೆಯದು ಗಿರೀಶಣ್ಣನ "ಓಕೆ". ಸೆಪ್ಟೆಂಬರ್ 6ರಂದು ಪ್ರದೀಪ ಒಂದೇ ಮೇಲ್‌ನಲ್ಲಿ ಮೂರು ವಿಷಯ ಕೇಳಿದ್ದ: ಎರಡನೇ ಕಂಪನಿಯ ಕೊಟೇಶನ್ ಒಪ್ಪಬಹುದಾ, ಅಡ್ವಾನ್ಸ್ ಶೇಕಡ 40 ಕೊಡಬಹುದಾ, ಸೋಮವಾರ ಜಾಗ ನೋಡಲು ಬರುತ್ತೀರಾ. ಗಿರೀಶಣ್ಣ "ಓಕೆ" ಅಂತ ಒಂದೇ ಪದ ಬರೆದರು. ಸೋಮವಾರ ಬಂದೂ ಬಂದರು. ಅದು ಮೂರಕ್ಕೂ ಓಕೆನಾ, ಬರುತ್ತೇನೆ ಅನ್ನುವುದಕ್ಕೆ ಮಾತ್ರ ಓಕೆನಾ ಅಂತ ಮೇಲ್ ನೋಡಿದರೆ ಗೊತ್ತಾಗುವುದಿಲ್ಲ. ಪ್ರದೀಪ ಮೂರಕ್ಕೂ ಅಂದುಕೊಂಡಿದ್ದಾನೆ. ಜೊತೆಗೆ ಇನ್ನೊಂದು ತೊಡಕು. ಮೊದಲ ಕಂಪನಿಯ 5 ಲಕ್ಷ 90 ಸಾವಿರ ಟ್ಯಾಕ್ಸ್ ಸೇರಿ, ಎರಡನೆಯದರ 5 ಲಕ್ಷ 35 ಸಾವಿರ ಟ್ಯಾಕ್ಸ್ ಬಿಟ್ಟು. ಸಾಗಾಣಿಕೆ ಯಾರದ್ದು ಅಂತ ಎರಡರಲ್ಲೂ ಇಲ್ಲ. ಇಷ್ಟು ದಿನ ಈ ಎರಡು ಅಂಕಿ ಇಟ್ಟುಕೊಂಡೇ "55 ಸಾವಿರ ಉಳಿಯಿತು" ಅಂತ ಮಾತಾಡಿದ್ದೇವೆ! ಇದು ಬಗೆಹರಿಯುವ ತನಕ ಅಡ್ವಾನ್ಸ್ ಚೆಕ್ ನನ್ನ ಹತ್ತಿರವೇ ಇರುತ್ತದೆ.

ಎರಡನೆಯದು ಕಣ. ನಕ್ಷೆಯಲ್ಲಿ 5,000 ಚದರ ಅಡಿ ಇದೆ. ಜೋಸೆಫಣ್ಣ ಸಾಲದು ಅನ್ನುತ್ತಾರೆ. 6 ಟನ್ ಹಣ್ಣಿನ ಹಸಿ ಪಾರ್ಚ್‌ಮೆಂಟ್ ತೆಳ್ಳಗೆ ಹರಡಲು ಸುಮಾರು 1,200 ಚದರ ಅಡಿ ಬೇಕು, ಒಣಗಲು ಒಳ್ಳೆ ಬಿಸಿಲಿದ್ದರೂ ಏಳು ದಿನ, ಅಂದರೆ 8,400 ಆಯಿತು ಅನ್ನುವುದು ಅವರ ಲೆಕ್ಕ. ದಿನಾ 6 ಟನ್ ಎಲ್ಲಿ ಬರುತ್ತದೆ, ಒಣಗುತ್ತಾ ಬಂದಿದ್ದನ್ನು ದಪ್ಪಗೆ ಒಟ್ಟಬಹುದಲ್ವಾ ಅನ್ನುವುದು ಪ್ರದೀಪನ ವಾದ. ಇಬ್ಬರ ಮಾತೂ ಸರಿ. ಆದರೆ ಹೋದ ಸಲದ ಕುಯ್ಲಿನ ದಿನವಹಿ ತೂಕ ಎದುರಿಗಿಲ್ಲದೆ ಎಷ್ಟು ಮೇಲ್ ಬರೆದರೂ ಸುಮ್ನೆ. ಆ ತೂಕ ಪ್ರತಿ ತೋಟದ ರೈಟರ್ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಸಿಮೆಂಟ್ ಕಣದ ಪಕ್ಕ ಬಲೆ ಹಾಸಿದ ಎತ್ತರದ ಮೇಜು ಮಾಡೋಣ ಅನ್ನುವ ಶಶಿಕಲಕ್ಕನ ಸಲಹೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನಗೇನೋ ಅದು ಒಳ್ಳೆಯದು ಅನ್ನಿಸುತ್ತದೆ, ಕಾಂಕ್ರೀಟ್ ಖರ್ಚೂ ಕಡಿಮೆ.

ಮೂರನೆಯದು ಕರೆಂಟು. ತ್ರೀ ಫೇಸ್ ಲೈನಿಗೆ ಮೆಸ್ಕಾಂಗೆ ಅರ್ಜಿ ಹೋಗಿದೆ ಅಂತ ಆಗಸ್ಟ್ 22ರ ಮೇಲ್‌ನಲ್ಲಿದೆ. ಅರ್ಜಿ ಸಂಖ್ಯೆ ಯಾವ ಮೇಲ್‌ನಲ್ಲೂ ಇಲ್ಲ. ಕುಯ್ಲಿಗೆ ಮುಂಚೆ ಲೈನ್ ಬರದಿದ್ದರೆ ಜನರೇಟರ್ ಬಾಡಿಗೆಗಾ, ಡೀಸೆಲ್ ಇಂಜಿನ್ನಾ? ಈ ಪ್ರಶ್ನೆ ಮೂರು ಸಲ ಬಂದಿದೆ, ಮೂರು ಸಲವೂ ಬೇರೆ ಮಾತು ಬಂದು ಅಲ್ಲಿಗೇ ನಿಂತಿದೆ.

ಕಾಯಿ ಬೆರೆತ ಹಣ್ಣು ತಂದರೆ ತೂಕದಲ್ಲಿ ಎಷ್ಟು ಕಳೆಯುವುದು ಅನ್ನುವುದೂ ಬಾಕಿ. ಮೇಲ್‌ನಲ್ಲಿ ಬೇಡ, ಎದುರಾ ಎದುರು ಕೂತು ಮಾತಾಡೋಣ.

ಯಾರ ಕೆಲಸ ಯಾವುದು

ಒಂದು ಕೆಲಸಕ್ಕೆ ಒಂದೇ ಹೆಸರು ಹಾಕಿದ್ದೇನೆ. "ನಾವೆಲ್ಲ ನೋಡೋಣ" ಅಂತ ಬರೆದ ಐದು ಕೆಲಸಗಳಲ್ಲಿ ಒಂದೂ ಆಗಿಲ್ಲ, ಅದಕ್ಕೆ.

ಗಿರೀಶಣ್ಣ – ಕೊಟೇಶನ್‌ಗೆ ಒಪ್ಪಿಗೆನಾ, ಅಡ್ವಾನ್ಸ್‌ಗೆ ಒಪ್ಪಿಗೆನಾ, ಎರಡಕ್ಕೂ ಬೇರೆ ಬೇರೆ ಉತ್ತರ. ಪ್ರದೀಪನ ಅಂಕಿ ಬಂದ ಮೇಲೆ ಸಾಕು.

ಪ್ರದೀಪ – ಟ್ಯಾಕ್ಸ್, ಸಾಗಾಣಿಕೆ, ಜೋಡಣೆ ಎಲ್ಲ ಸೇರಿಸಿ ಎರಡೂ ಕಂಪನಿಯಿಂದ ಹೊಸ ಕೊಟೇಶನ್, ಶುಕ್ರವಾರ 19ರ ಒಳಗೆ. ಮೆಷಿನ್ ಯಾವ ತಾರೀಕಿಗೆ ತಂದು ಇಳಿಸುತ್ತಾರೆ ಅನ್ನುವುದನ್ನೂ ಬರೆಸಿಕೊಳ್ಳಪ್ಪ. ಡಿಸೆಂಬರ್‌ನಲ್ಲಿ ಬರುವ ಪಲ್ಪರ್ ನಮಗೆ ಬೇಡ.

ಜೋಸೆಫಣ್ಣ – ಐದೂ ತೋಟದ ಹೋದ ವರ್ಷದ ದಿನವಹಿ ತೂಕ. ಹಾಳೆಯ ಫೋಟೋ ಕಳಿಸಿದರೂ ಸಾಕು, ನಾನು ಎಕ್ಸೆಲ್‌ಗೆ ಹಾಕುತ್ತೇನೆ.

ಶಶಿಕಲಕ್ಕ – ಎತ್ತರದ ಮೇಜಿನ ಖರ್ಚು. ಗುಂಡಿ ಅಳತೆ ಮತ್ತು ಸುಣ್ಣದ ಪ್ರಮಾಣಕ್ಕೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸುತ್ತೇನೆ ಅಂತ ಅಕ್ಕನೇ ಬರೆದಿದ್ದಾರೆ. ತಿಂಗಳ ಕೊನೆಯ ಒಳಗೆ.

ಮಲ್ಲೇಶಗೌಡ್ರು – ಮೆಸ್ಕಾಂ ಅರ್ಜಿಯ ಸಂಖ್ಯೆ ಮತ್ತು ಈಗ ಅದು ಯಾರ ಟೇಬಲ್ ಮೇಲಿದೆ ಅನ್ನುವುದು. ಗೌಡ್ರೇ, ಅರ್ಜಿ ಕೊಟ್ಟಿದ್ದು ನೀವೇ ಅಂತ ಮೇಲ್ ಹೇಳುತ್ತದೆ. ತಪ್ಪಿದ್ದರೆ ಹೇಳಿ.

ನಾನು – ಲೀಸ್ ಪತ್ರದ ಕರಡು, ಮತ್ತು ಜನರೇಟರ್ ಬಾಡಿಗೆ ಎಷ್ಟು ಅಂತ ಎರಡು ಕಡೆ ವಿಚಾರಿಸುವುದು.

ಗೇಟಿನ ಬೀಗದ ಕೈ ರಫೀಕ್ ಭಾಯ್ ಹತ್ತಿರ ಇದೆ. ಅದರ ಬಗ್ಗೆ ಏಳು ಮೇಲ್ ಇದ್ದವು.

ಭಾನುವಾರ ಮಹಾಲಯ ಅಮಾವಾಸ್ಯೆ. ಮನೆಗಳಲ್ಲಿ ಪಿತೃಪಕ್ಷದ ಎಡೆ ಇರುತ್ತದೆ, ಯಾರೂ ಬರಲು ಆಗುವುದಿಲ್ಲ. ಹಾಗಾಗಿ ಶನಿವಾರ 20ರ ಸಂಜೆ 5ಕ್ಕೆ ಜೋಸೆಫಣ್ಣನ ಮನೆಯಲ್ಲಿ ಸೇರೋಣ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅಷ್ಟರೊಳಗೆ ಇದೇ ಮೇಲ್‌ಗೆ ಉತ್ತರ ಕೊಡಿ. ಹಳೆ "ಪಲ್ಪರ್ ಕೊಟೇಶನ್" ಮೇಲ್‌ಗೆ ಇನ್ನು ಯಾರೂ ರಿಪ್ಲೈ ಮಾಡುವುದು ಬೇಡ. ಮತ್ತೆ, "ಓಕೆ" ಅಂತ ಬರೆಯುವಾಗ ಯಾವುದಕ್ಕೆ ಅಂತ ಒಂದು ಪದ ಸೇರಿಸಿಬಿಡಿ.

ಸುಮ